ಒಂದು ಲಕ್ಷ ಚೀಲದ ಲೆಕ್ಕ

5 ಸೆಪ್ಟೆಂಬರ್ 2024, ಗುರುವಾರ

ಬ್ಯಾಡಗಿಯ ದಲಾಲಿ ಅಂಗಡಿಯ ಕಾಕಾ ಮಗನನ್ನು ಕರೆದುಕೊಂಡು ಸಂಜೆ ಆಫೀಸಿಗೆ ಬಂದರು. ಒಂದು ಲಕ್ಷ ಚೀಲ ಹಿಡಿಯುವ ಕೋಲ್ಡ್ ಸ್ಟೋರೇಜ್ ಕಟ್ಟಬೇಕಂತೆ. ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಬೇಕು. ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೂ ವಾಹನಗಳ ಮೇಲೂ ಹೋದದ್ದನ್ನು ಕಾಕಾ ಕಣ್ಣಾರೆ ಕಂಡವರು. ಆ ಹಂಗಾಮಿನಲ್ಲಿ ಮಾರದೆ ಉಳಿದ ಮಾಲಿಗೆ ಊರಿನ ಸ್ಟೋರೇಜ್‌ಗಳಲ್ಲಿ ಜಾಗ ಹುಡುಕಲು ಅವರೇ ಓಡಾಡಿದ್ದಾರೆ. ಅಲ್ಲಿಂದ ಹುಟ್ಟಿದ ಯೋಚನೆ ಇದು.

ಒಣ ಮೆಣಸಿನಕಾಯಿಗೆ ಬೆಲೆ ಕಟ್ಟುವುದು ಬಣ್ಣ ನೋಡಿ. ಡಬ್ಬಿಯಾಗಲಿ ಕಡ್ಡಿಯಾಗಲಿ, ಬೇಸಿಗೆಯ ಸೆಕೆಯಲ್ಲಿ ಗೋದಾಮಿನಲ್ಲಿ ಬಿದ್ದಿದ್ದರೆ ಬಣ್ಣ ಇಳಿಯುತ್ತದೆ, ತಂಪಿನಲ್ಲಿಟ್ಟರೆ ಉಳಿಯುತ್ತದೆ. ಅದಕ್ಕೇ ಚೀಲಕ್ಕೆ ಇಷ್ಟು ಎಂದು ಹಂಗಾಮಿನ ಬಾಡಿಗೆ.

ಮಗ ಬಿ.ಕಾಂ. ಓದಿದ ಹುಡುಗ, ಎಕ್ಸೆಲ್ ಹಾಳೆಯನ್ನು ಮೊದಲೇ ಮಾಡಿಕೊಂಡು ಬಂದಿದ್ದ. ಮೂರು ಕಾಲಂ: ಬೆಸ್ಟ್, ಬೇಸ್, ವರ್ಸ್ಟ್. ಬೇಸ್ ಕೇಸಿನ ಬಾಡಿಗೆ, ಚೀಲ ಎರಡಕ್ಕೂ ಶೇ. 20 ಕೂಡಿಸಿದರೆ ಬೆಸ್ಟ್, ಶೇ. 20 ಕಳೆದರೆ ವರ್ಸ್ಟ್. ಏಕೆ 20 ಎಂದು ಕೇಳಿದೆ. ‘ಎಲ್ಲಾರೂ ಅಷ್ಟ ಇಡ್ತಾರ್ರೀ ಸರ್’ ಎಂದ. ಎಲ್ಲರೂ ಅಷ್ಟೇ ಇಡುತ್ತಾರೆ ಎಂಬುದೇನೋ ನಿಜ. ಆದರೆ ಇದರಲ್ಲಿ ಮೂರು ಕೇಸುಗಳಿಲ್ಲ, ಒಂದೇ ಕೇಸನ್ನು ಹಿಗ್ಗಿಸಿ ಕುಗ್ಗಿಸಿದ್ದಾನೆ.

8 ಸೆಪ್ಟೆಂಬರ್, ಭಾನುವಾರ

ಗಣಪತಿ ಹಬ್ಬದ ಮರುದಿನ, ಮನೆಯಲ್ಲೇ ಕೂತು ಹುಡುಗನ ಹಾಳೆ ಬಿಚ್ಚಿದೆ. ಮೊದಲು ಕಂಡದ್ದು ಸೂತ್ರದ ತಪ್ಪು. ಸ್ಟೋರೇಜ್ ಕಟ್ಟಲು 7 ಕೋಟಿ ಹಾಕುವುದು ಇವತ್ತು, ಅಂದರೆ ಸೊನ್ನೆಯ ವರ್ಷದಲ್ಲಿ. ಎಕ್ಸೆಲ್‌ನ ಎನ್‌ಪಿವಿ ಸೂತ್ರವೋ, ಒಳಗೆ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷ ಮುಂದಿನದೆಂದು ತಿಳಿದು ಡಿಸ್ಕೌಂಟ್ ಮಾಡುತ್ತದೆ. ಇವನು 7 ಕೋಟಿಯನ್ನೂ ಒಳಗೇ ಸೇರಿಸಿದ್ದ. ಹಾಕುವ ಹಣ ಹೊರಗಿರಬೇಕು:

```
=NPV(12%,C5:C14)+C4
```

ಈ ತಪ್ಪು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಇಡೀ ಉತ್ತರ 1.12ರಿಂದ ಭಾಗವಾಗುತ್ತದೆಯೇ ಹೊರತು ಪ್ಲಸ್ ಇದ್ದದ್ದು ಮೈನಸ್ ಆಗುವುದಿಲ್ಲ. ನೋಡುವವರು ಚಿಹ್ನೆ ನೋಡಿ ಮುಂದೆ ಹೋಗುತ್ತಾರೆ.

ಸರಿಪಡಿಸಿದ ಮೇಲೆ ಬೇಸ್ ಕೇಸ್ ಹೀಗೆ ನಿಂತಿದೆ. ಜಾಗದ ಬೆಲೆಯೂ ಸೇರಿ 700 ಲಕ್ಷ ಖರ್ಚು. (ಜಾಗ ತಮ್ಮದೇ, ಅದಕ್ಕೇಕೆ ಬೆಲೆ ಎಂಬುದು ಕಾಕಾ ಅವರ ತಕರಾರು. ಮಾರಿದರೆ ಬರುವ ದುಡ್ಡನ್ನು ಬಿಟ್ಟುಕೊಟ್ಟು ಅಲ್ಲಿ ಕಟ್ಟುತ್ತಿದ್ದೀರಿ ಎಂದೆ. ಒಪ್ಪಿದಂತೆ ಕಾಣಲಿಲ್ಲ, ಜಗಳಕ್ಕೂ ಬರಲಿಲ್ಲ.) ವರ್ಷಕ್ಕೆ 80 ಸಾವಿರ ಚೀಲ, ಚೀಲಕ್ಕೆ ₹220, ಒಟ್ಟು 176 ಲಕ್ಷ ಬಾಡಿಗೆ. ಕರೆಂಟು, ಹಮಾಲಿ, ಪಗಾರ, ಇನ್ಶೂರೆನ್ಸ್, ರಿಪೇರಿ ಎಲ್ಲ ಸೇರಿ 56 ಲಕ್ಷ ಹೋದರೆ ಕೈಗುಳಿಯುವುದು 120 ಲಕ್ಷ. ಹತ್ತು ವರ್ಷದ ಕೊನೆಗೆ ಜಾಗ, ಕಟ್ಟಡ, ಯಂತ್ರದಿಂದ 200 ಲಕ್ಷ. ಇದನ್ನೆಲ್ಲ ಶೇ. 12ರಲ್ಲಿ ಇವತ್ತಿನ ಬೆಲೆಗೆ ಇಳಿಸಿ 700 ಕಳೆದರೆ ಎನ್‌ಪಿವಿ 42 ಲಕ್ಷ ಪ್ಲಸ್. ತೆರಿಗೆಯನ್ನು ಸದ್ಯಕ್ಕೆ ಹೊರಗಿಟ್ಟಿದ್ದೇನೆ. ಸಬ್ಸಿಡಿಯನ್ನೂ ಹೊರಗಿಟ್ಟೆ. ಅದು ಸಾಲದ ಖಾತೆಗೆ ಕೊನೆಯಲ್ಲಿ ಹೊಂದಿಕೆಯಾಗುವ ದುಡ್ಡು, ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ ಮೂರೂ ಕಾಲಂಗೆ ಒಂದೇ ಸಾಲಿನಲ್ಲಿ ಸೇರಿಸಿದರಾಯಿತು.

14 ಸೆಪ್ಟೆಂಬರ್, ಶನಿವಾರ

ಬ್ಯಾಡಗಿಗೆ ಹೋಗಿದ್ದೆ. ಕಾಕಾ ಮಾಲು ಇಡುವ ಸ್ಟೋರೇಜ್‌ನ ಚೇಂಬರ್ ಒಳಗೆ ಕರೆದುಕೊಂಡು ಹೋದರು. ಬಾಗಿಲು ದಾಟಿದ ಕೂಡಲೇ ಕೆಮ್ಮು. ಚೀಲಗಳ ಅಟ್ಟಿ ಮೇಲಿನವರೆಗೆ ಏರಿತ್ತು, ಮಧ್ಯೆ ಗಾಳಿ ಆಡಲು ಸಂದು ಬಿಟ್ಟಿದ್ದರು. ಪ್ರತಿ ಚೀಲಕ್ಕೂ ಅಂಗಡಿಯ ಮಾರ್ಕು, ಲಾಟ್ ನಂಬರು. ಕೆಲವು ಚೀಟಿಗಳ ಮೇಲೆ ಹಿಂದಿನ ವರ್ಷದ ತಾರೀಕಿತ್ತು. ಹೊಸ ಬೆಳೆ ಬರುವ ಹೊತ್ತು ಹತ್ತಿರವಾಗುತ್ತಿದ್ದರೂ ಅವು ಹೊರಬಿದ್ದಿಲ್ಲ.

ಆ ತಾರೀಕು ನೋಡುತ್ತಲೇ ಕೇಳಿದೆ: ‘ಕಾಕಾ, ನಿಮ್ಮ ಪ್ರಕಾರ ಕೆಟ್ಟ ಕಾಲ ಅಂದ್ರ ಯಾವುದು?’

‘ದರ ಬೀಳೋದು. ಮತ್ತೇನೈತಿ?’

‘ದರ ಬಿದ್ದಾಗ ಮಾಲು ಎಲ್ಲಿಗೆ ಹೋತು?’

ಕಾಕಾ ನಕ್ಕರು. ಮಾಲು ಬಂದದ್ದು ಇಲ್ಲಿಗೇ. ಮೆಣಸಿನಕಾಯಿ ಬೆಳೆದವನಿಗೂ ಕೊಂಡವನಿಗೂ ಕೆಟ್ಟ ವರ್ಷ ಸ್ಟೋರೇಜ್ ಮಾಲೀಕನಿಗೆ ಚೇಂಬರ್ ತುಂಬುವ ವರ್ಷ. ದರ ಏರುತ್ತಿದ್ದರೆ ಟೆಂಡರ್‌ನಲ್ಲೇ ಮಾಲು ಕೈಬದಲಾಗಿ ಲಾರಿ ಹತ್ತುತ್ತದೆ, ಇಡುವವರು ಕಡಿಮೆ. ದರ ಬೀಳುವುದೇ ಕೆಟ್ಟ ಕಾಲವಾದರೂ ಹುಡುಗನ ವರ್ಸ್ಟ್ ಕಾಲಂನಲ್ಲಿ ಚೀಲವೂ ಕಡಿಮೆ, ಬಾಡಿಗೆಯೂ ಕಡಿಮೆ. ಕೆಟ್ಟದ್ದನ್ನೆಲ್ಲ ಒಂದೇ ಕಾಲಂಗೆ ತುಂಬಿದರೆ ಅಂಥದೊಂದು ಕಾಲ ಬರಲು ಸಾಧ್ಯವೇ ಎಂದು ಯಾರೂ ಕೇಳುವುದಿಲ್ಲ. ಒಂದು ಕೇಸಿನೊಳಗಿನ ಅಂಕಿಗಳಿಗೆ ಒಂದಕ್ಕೊಂದು ಸಂಬಂಧ ಇರಬೇಕು, ಒಂದು ಕಾರಣದಿಂದ ಎಲ್ಲವೂ ಹೊರಡಬೇಕು.

ಹಾಗಾದರೆ ಸ್ಟೋರೇಜ್‌ಗೆ ನಿಜವಾಗಿ ಕೆಟ್ಟದ್ದು ಯಾವುದು? ಮಳೆ ಕೈಕೊಟ್ಟು ಬೆಳೆಯೇ ಬರದಿರುವುದು ಎಂದು ಮಗ ಹೇಳಿದ. ಅದೂ ಇದೆ, ಆದರೆ ಅದು ಒಂದು ವರ್ಷದ ಮಾತು, ಹೆಚ್ಚೆಂದರೆ ಎರಡು. ವರ್ಸ್ಟ್ ಕಾಲಂನಲ್ಲಿ ನಾವು ಬರೆಯುವುದು ಹತ್ತು ವರ್ಷ ಸಾಲಾಗಿ ಹಾಗೇ ಇರುವ ಸ್ಥಿತಿಯನ್ನು. ಹತ್ತು ವರ್ಷವೂ ಬರ ಎಂದು ಬರೆದರೆ ಲೆಕ್ಕ ಸುಳ್ಳಾಗುತ್ತದೆ. ನಡುನಡುವೆ ಬರುವ ಬರಗಾಲ ಬೇಸ್ ಕೇಸಿನ 80 ಸಾವಿರದಲ್ಲೇ ಅಡಗಿರಬೇಕು. ತುಂಬಿದ ವರ್ಷ 95, ಬರದ ವರ್ಷ 50, ಸರಾಸರಿ 80.

ಬಂದರೆ ಹೋಗದೆ ನಿಲ್ಲುವಂಥ ಕೆಡುಕು ಒಂದೇ: ಊರಿನಲ್ಲಿ ಸ್ಟೋರೇಜ್ ಅತಿಯಾಗುವುದು. ಮಾರ್ಚ್‌ನಲ್ಲಿ ಜಾಗ ಸಿಗದೆ ಓಡಾಡಿದವರು ಕಾಕಾ ಒಬ್ಬರೇ ಅಲ್ಲ. ಅವರಿಗೆ ಹೊಳೆದದ್ದು ಇನ್ನೂ ನಾಲ್ಕು ಜನರಿಗೆ ಹೊಳೆದಿರುತ್ತದೆ. ಎಲ್ಲರೂ ಕಟ್ಟಿದರೆ ಚೀಲಕ್ಕಾಗಿ ಪೈಪೋಟಿ, ಬಾಡಿಗೆ ಇಳಿಕೆ, ಅರ್ಧ ಖಾಲಿ ಚೇಂಬರು. ಅರ್ಧ ಖಾಲಿಯಿದ್ದರೂ ತಂಪು ಮಾಡುವ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ.

17 ಸೆಪ್ಟೆಂಬರ್, ಮಂಗಳವಾರ

ಮೂರು ಕೇಸನ್ನೂ ಹೊಸದಾಗಿ ಬರೆದೆ. ಪ್ರತಿಯೊಂದಕ್ಕೂ ಮೊದಲು ಎರಡು ಸಾಲಿನ ಕಥೆ, ಆಮೇಲೆ ಅಂಕಿ.

ಬೆಸ್ಟ್: ಬೇರೆಯವರು ಯಾರೂ ದೊಡ್ಡದಾಗಿ ಕಟ್ಟುವುದಿಲ್ಲ, ಆವಕ ಹೆಚ್ಚುತ್ತದೆ. 95 ಸಾವಿರ ಚೀಲ, ₹250, ಖರ್ಚು ಕಳೆದು ವರ್ಷಕ್ಕೆ 175 ಲಕ್ಷ. ಎನ್‌ಪಿವಿ 353 ಲಕ್ಷ. ಲಕ್ಷಕ್ಕೆ ಲಕ್ಷ ತುಂಬುತ್ತದೆ ಎಂದು ನಾನು ಬರೆಯುವುದಿಲ್ಲ. ಒಂದು ಲಾಟ್ ಹೊರಗೆ ಹೋಗಿ ಇನ್ನೊಂದು ಬರುವ ಮಧ್ಯೆ ಜಾಗ ಖಾಲಿ ಇದ್ದೇ ಇರುತ್ತದೆ.

ಬೇಸ್: ಇವತ್ತಿನಂತೆಯೇ. 42 ಲಕ್ಷ.

ವರ್ಸ್ಟ್: ಮೂರ್ನಾಲ್ಕು ಹೊಸ ಸ್ಟೋರೇಜ್ ಎದ್ದು ನಿಲ್ಲುತ್ತವೆ. 50 ಸಾವಿರ ಚೀಲ, ₹180, ಖರ್ಚು 50 ಲಕ್ಷ, ಉಳಿಯುವುದು 40 ಲಕ್ಷ. ಎನ್‌ಪಿವಿ 410 ಲಕ್ಷ ಮೈನಸ್.

ಬೇಸ್‌ನಿಂದ ಮೇಲಕ್ಕೆ 311 ಲಕ್ಷದ ದೂರ, ಕೆಳಕ್ಕೆ 452. ಎರಡೂ ಕಡೆ 20 ಇಟ್ಟಿದ್ದರೆ ಈ ಓರೆ ಕಾಣುತ್ತಲೇ ಇರಲಿಲ್ಲ. ಚೇಂಬರಿಗೆ ಮೇಲುಗಡೆ ಗೋಡೆಯುಂಟು, ಲಕ್ಷದ ಮೇಲೆ ಒಂದು ಚೀಲವೂ ಹಿಡಿಯುವುದಿಲ್ಲ. ಕೆಳಗೆ ಅಂಥ ಗೋಡೆಯಿಲ್ಲ.

ಇನ್ನು ಸಂಭವದ ಮಾತು. ಕಾಕಾ ಫೋನಿನಲ್ಲಿ ಬೆಸ್ಟ್‌ಗೆ 30, ಬೇಸ್‌ಗೆ 60, ವರ್ಸ್ಟ್‌ಗೆ 10 ಎಂದರು. ಆ ತೂಕದಲ್ಲಿ ಗುಣಿಸಿ ಕೂಡಿಸಿದರೆ ನಿರೀಕ್ಷಿತ ಎನ್‌ಪಿವಿ 90 ಲಕ್ಷ. ಕಟ್ಟೋಣ ಎಂದು ತೀರ್ಮಾನಿಸಿದವರು ಕೊಡುವ ಸಂಭವ ಹೀಗೇ ಇರುತ್ತದೆ. ತಮ್ಮ ಹಳೇ ಖಾತೆ ಪುಸ್ತಕಗಳನ್ನು ಕಳಿಸಿ ಎಂದೆ.

21 ಸೆಪ್ಟೆಂಬರ್, ಶನಿವಾರ

ಪುಸ್ತಕಗಳು ಬಂದವು. ಯಾವ ಹಂಗಾಮಿನಲ್ಲಿ ಯಾವ ಸ್ಟೋರೇಜ್‌ಗೆ ಎಷ್ಟು ಚೀಲ, ಎಷ್ಟು ಬಾಡಿಗೆ, ಎಲ್ಲ ಇದೆ. ಮಾಲೀಕನ ಬಾಯಿಂದ ಕೇಳುವುದಕ್ಕಿಂತ ಬಾಡಿಗೆ ಕಟ್ಟಿದವನ ಖಾತೆ ನಂಬಿಕಸ್ತ. ಹೊಸ ಸ್ಟೋರೇಜ್‌ಗಳು ಶುರುವಾದ ಒಂದು ಕಾಲದಲ್ಲಿ ಬಾಡಿಗೆ ವರ್ಷಗಟ್ಟಲೆ ಏರದೆ ನಿಂತಿದೆ. ಅದೇ ಪುಸ್ತಕದಲ್ಲಿ ಹಮಾಲಿ, ಲಾರಿ ಬಾಡಿಗೆ ಏರುತ್ತಲೇ ಹೋಗಿವೆ. ಅಂದರೆ ನನ್ನ ವರ್ಸ್ಟ್ ಕೇಸು ಈ ಊರಿನಲ್ಲಿ ಹಿಂದೊಮ್ಮೆ ಸಣ್ಣದಾಗಿ ಬಂದುಹೋದದ್ದೇ. ಅದಕ್ಕೆ 10 ಇಡುವುದು ಸಾಧ್ಯವಿಲ್ಲ. ನಾನು 25, 50, 25 ಇಟ್ಟೆ.

```
=SUMPRODUCT(B20:D20,B21:D21)
```

353ರ ಕಾಲು ಭಾಗ 88, 42ರ ಅರ್ಧ 21, ಮೈನಸ್ 410ರ ಕಾಲು ಭಾಗ ಮೈನಸ್ 102. ಒಟ್ಟು 7 ಲಕ್ಷ ಪ್ಲಸ್.

ಏಳು ಕೋಟಿ ಹಾಕಿ ಏಳು ಲಕ್ಷ. ಸೂತ್ರದ ಪ್ರಕಾರ ಪ್ಲಸ್ ಎಂದರೆ ಕಟ್ಟಬಹುದು. ಆದರೆ ವರ್ಸ್ಟ್ ಕೇಸಿನ ಸಂಭವ ಎಷ್ಟಾದರೆ ಈ 7 ಲಕ್ಷ ಸೊನ್ನೆಯಾಗುತ್ತದೆ ಎಂದು ಹಿಂದಿನಿಂದ ಲೆಕ್ಕ ಹಾಕಿದೆ. ಬೇಸ್‌ನಿಂದ ವರ್ಸ್ಟ್‌ಗೆ ಶೇ. 1 ಸರಿಸಿದರೆ ನಾಲ್ಕೂವರೆ ಲಕ್ಷ ಇಳಿಯುತ್ತದೆ. 25 ಇದ್ದದ್ದು 27 ಆದರೆ ಸಾಕು, ಉತ್ತರ ಮೈನಸ್. 25ಕ್ಕೂ 27ಕ್ಕೂ ವ್ಯತ್ಯಾಸ ಹೇಳಬಲ್ಲ ಮನುಷ್ಯ ಬ್ಯಾಡಗಿಯಲ್ಲಿ ಮಾತ್ರವಲ್ಲ, ಎಲ್ಲೂ ಇಲ್ಲ. ಅಲ್ಲಿಗೆ ಸಂಭವ ಎಷ್ಟೆಂದು ವಾದಿಸುವುದನ್ನು ಬಿಟ್ಟೆ.

26 ಸೆಪ್ಟೆಂಬರ್, ಗುರುವಾರ

ಬ್ಯಾಂಕಿನ ಅಧಿಕಾರಿಯ ಜೊತೆ ಒಂದು ಗಂಟೆ. ವರ್ಸ್ಟ್ ಕೇಸ್ ನೋಡಿ ಹೆದರಿ, ರಿಸ್ಕ್ ಹೆಚ್ಚಿದೆ, ಡಿಸ್ಕೌಂಟ್ ರೇಟ್ 15 ಮಾಡಿ ಎಂದರು. 15 ಇಟ್ಟರೆ ಬೇಸ್ ಕೇಸೇ 48 ಲಕ್ಷ ಮೈನಸ್‌ಗೆ ಹೋಗುತ್ತದೆ. ಸ್ಟೋರೇಜ್ ಅತಿಯಾಗುವ ಅಪಾಯವನ್ನು 25ರ ತೂಕದಲ್ಲಿ ಒಮ್ಮೆ ಎಣಿಸಿಯಾಗಿದೆ, ಮತ್ತೆ ರೇಟಿನಲ್ಲಿ ಏರಿಸಿದರೆ ಅದೇ ಅಪಾಯಕ್ಕೆ ಎರಡು ಸಲ ದಂಡ ಕಟ್ಟಿದಂತೆ ಎಂದೆ. 12 ಎಲ್ಲಿಂದ ಬಂತು ಎಂಬುದನ್ನೂ ತೋರಿಸಿದೆ: ಮುಕ್ಕಾಲು ಪಾಲು ಸಾಲ ಶೇ. 10ರಲ್ಲಿ, ಕಾಲು ಪಾಲು ಕಾಕಾ ಅವರ ಸ್ವಂತ ದುಡ್ಡು, ಅದಕ್ಕೆ ಅವರು ಬಯಸುವುದು ಶೇ. 18. ಸರಾಸರಿ 12. ಅಧಿಕಾರಿ ಒಪ್ಪಿದರು, ಆದರೆ ಅವರು ತೆಗೆದ ಇನ್ನೊಂದು ಪ್ರಶ್ನೆ ಸರಿಯಾದದ್ದೇ. ಕಂತು ಹೇಗೆ ಕಟ್ಟುತ್ತಾರೆ?

525 ಲಕ್ಷ ಸಾಲ, 7 ವರ್ಷ, ವರ್ಷಕ್ಕೆ ಹತ್ತಿರ ಹತ್ತಿರ 108 ಲಕ್ಷ ಕಂತು. ಬೇಸ್ ಕೇಸಿನಲ್ಲಿ 120 ಬರುತ್ತದೆ, ಹೇಗೋ ದಾಟುತ್ತದೆ. ವರ್ಸ್ಟ್‌ನಲ್ಲಿ ಬರುವುದು 40. ವರ್ಷಕ್ಕೆ 68 ಲಕ್ಷ ಕೊರತೆ, ಅದೂ ಮೊದಲ ವರ್ಷದಿಂದಲೇ. ನಿರೀಕ್ಷಿತ ಎನ್‌ಪಿವಿ ಎಂಬುದು ಸರಾಸರಿ. ಇಂಥ ನೂರು ಸ್ಟೋರೇಜ್‌ಗೆ ಸಾಲ ಕೊಡುವ ಬ್ಯಾಂಕು ಸರಾಸರಿಯ ಮೇಲೆ ಬದುಕಬಹುದು. ಕಾಕಾ ಕಟ್ಟುವುದು ಒಂದೇ ಸ್ಟೋರೇಜ್, ಒಂದೇ ಸಲ, ಮನೆಯ ಹೊಲ ಅಡವಿಟ್ಟು.

4 ಅಕ್ಟೋಬರ್, ಶುಕ್ರವಾರ

ಕಾಕಾ ಅವರ ಮನೆಯಲ್ಲೇ ಕೂತೆವು. ನವರಾತ್ರಿಯ ಗಡಿಬಿಡಿ. ಕಾಕೂ ಚಹಾ ತಂದಿಟ್ಟು ಬಾಗಿಲ ಬಳಿ ನಿಂತೇ ಕೇಳಿಸಿಕೊಂಡರು. ಹೊಲ ಹೋಗುವ ಮಾತು ಬಂದಾಗ ಮಾತ್ರ ಒಳಗೆ ಬಂದು ಕೂತರು.

ನಾನು ತೆಗೆದುಕೊಂಡು ಹೋದದ್ದು ಇನ್ನೊಂದು ಹಾಳೆ. ಇಲ್ಲಿಯವರೆಗಿನ ಲೆಕ್ಕದಲ್ಲಿ ಕಾಕಾ ಇವತ್ತೇ 7 ಕೋಟಿ ಹಾಕಿ ಹತ್ತು ವರ್ಷ ಕೈಕಟ್ಟಿ ಕೂರುತ್ತಾರೆ. ಹಾಗೆ ಕೂರುವುದಾದರೆ ಮೂರು ಕಾಲಂ ಬೇಕಾಗಿಯೇ ಇಲ್ಲ: ಮೂರರ ವಾರ್ಷಿಕ ಉಳಿಕೆಯ ಸರಾಸರಿ 114 ಲಕ್ಷ, ಅದೊಂದನ್ನೇ ಹಾಕಿದರೂ ಅದೇ 7 ಲಕ್ಷ ಬರುತ್ತದೆ. ಮೂರು ಕೇಸು ಬೇರೆ ಬೇರೆ ಬರೆಯುವುದರ ಲಾಭ ಸಿಗುವುದು ಯಾವ ಕಾಲ ಬಂದಿದೆ ಎಂದು ತಿಳಿದ ಮೇಲೆ ಬೇರೆ ಬೇರೆ ಕೆಲಸ ಮಾಡುವ ಅವಕಾಶ ಇದ್ದಾಗ.

ಆದ್ದರಿಂದ ಎರಡು ಹಂತ. ಮೊದಲು 50 ಸಾವಿರ ಚೀಲದ್ದು, 420 ಲಕ್ಷದಲ್ಲಿ. ಎರಡು ಹಂಗಾಮು ನೋಡಿ, ಬೇಕೆನಿಸಿದರೆ ಉಳಿದರ್ಧ 330 ಲಕ್ಷದಲ್ಲಿ. ಒಟ್ಟು 750, ಒಂದೇ ಸಲ ಕಟ್ಟುವುದಕ್ಕಿಂತ 50 ಲಕ್ಷ ಹೆಚ್ಚು. ‘ಐವತ್ತು ಲಕ್ಷ ಸುಮ್ಮನ ಕಳಕೋಬೇಕೇನ್ರೀ ಸಾಹೇಬ್ರ?’ ಎಂದರು ಕಾಕಾ.

ಕಾಲಂ ಕಾಲಂ ತೋರಿಸಿದೆ. ವರ್ಸ್ಟ್ ಬಂದರೆ ಸಣ್ಣ ಸ್ಟೋರೇಜ್ ಆದ್ದರಿಂದ ತುಂಬಿಯೇ ಇರುತ್ತದೆ, ಬಾಡಿಗೆ ಮಾತ್ರ ₹180. ವರ್ಷಕ್ಕೆ 46 ಲಕ್ಷ ಉಳಿಯುತ್ತದೆ, ಎರಡನೇ ಹಂತ ಕಟ್ಟುವುದಿಲ್ಲ. ಎನ್‌ಪಿವಿ ಮೈನಸ್ 115. ಮೊದಲು ಮೈನಸ್ 410 ಇತ್ತು. ಬೇಸ್ ಬಂದರೆ ವರ್ಷಕ್ಕೆ 65 ಲಕ್ಷ, ಆಗಲೂ ಎರಡನೇ ಹಂತ ಗಿಟ್ಟುವುದಿಲ್ಲ, ಎನ್‌ಪಿವಿ ಮೈನಸ್ 8. ಬೆಸ್ಟ್ ಬಂದರೆ ಮೊದಲೆರಡು ವರ್ಷ 79, ಎರಡನೇ ಹಂತ ಕಟ್ಟಿದ ಮೇಲೆ 175, ಎನ್‌ಪಿವಿ 208. ಅದೇ ತೂಕದಲ್ಲಿ ಕೂಡಿಸಿದರೆ 19 ಲಕ್ಷ ಪ್ಲಸ್. ಬೆಸ್ಟ್ ಕೇಸಿನಲ್ಲಿ 145 ಲಕ್ಷ ಬಿಟ್ಟುಕೊಟ್ಟಿದ್ದೇವೆ, ವರ್ಸ್ಟ್‌ನಲ್ಲಿ 295 ಲಕ್ಷ ಉಳಿಸಿಕೊಂಡಿದ್ದೇವೆ.

ಮಗನಿಗೆ ಬೇಸ್ ಕೇಸೇ ಮೈನಸ್ ಎಂಬುದು ಗಂಟಲಲ್ಲಿ ಸಿಕ್ಕಿಕೊಂಡಿತು. ಮೈನಸ್ 8 ಎಂದರೆ ಗಲ್ಲೆಯಿಂದ 8 ಲಕ್ಷ ಹೋಯಿತು ಎಂದಲ್ಲ. ಹಾಕಿದ ದುಡ್ಡಿಗೆ ಶೇ. 12 ಪೂರ್ತಿ ಹುಟ್ಟಲಿಲ್ಲ, ಸ್ವಲ್ಪ ಕಡಿಮೆ ಹುಟ್ಟಿತು ಎಂದಷ್ಟೇ. ಸಾಲ 315 ಲಕ್ಷ, ಅವಧಿಯನ್ನು 9 ವರ್ಷಕ್ಕೆ ಎಳೆದರೆ ಕಂತು 55 ಲಕ್ಷ. ಬೇಸ್‌ನಲ್ಲಿ 65 ಬಂದು ಕಂತು ದಾಟುತ್ತದೆ. ವರ್ಸ್ಟ್‌ನಲ್ಲಿ ವರ್ಷಕ್ಕೆ 9 ಲಕ್ಷ ಕೊರತೆ, ಅದನ್ನು ಅಂಗಡಿಯ ದಲಾಲಿಯಿಂದ ತುಂಬಬಹುದು.

‘ಒಂಬತ್ತು ಲಕ್ಷ ಅಂದ್ರ ಹೊಲ ಹೋಗಂಗಿಲ್ಲ ಅಲ್ರೀ?’ ಕಾಕೂ ಕೇಳಿದ್ದು ಅದೊಂದೇ. ಅಂಗಡಿ ನಡೆಯುವವರೆಗೆ ಹೋಗುವುದಿಲ್ಲ ಎಂದೆ.

7 ಅಕ್ಟೋಬರ್, ಸೋಮವಾರ

ಎರಡನೇ ಹಂತದ ಷರತ್ತನ್ನು ಈಗಲೇ ಬರೆದಿಟ್ಟೆವು. ಚೇಂಬರ್ ತುಂಬಿದ ಸಂಭ್ರಮದಲ್ಲಿ ಆಮೇಲೆ ಯಾರೂ ಲೆಕ್ಕ ಕೇಳುವುದಿಲ್ಲ. 330 ಲಕ್ಷ ಹಾಕಿದ ಮೇಲೆ ಉಳಿದ 8 ವರ್ಷದಲ್ಲಿ ಶೇ. 12 ಹುಟ್ಟಬೇಕಾದರೆ, ಕೊನೆಗೆ ಅದರಿಂದ ಬರುವ 60 ಲಕ್ಷವನ್ನೂ ಹಿಡಿದು, ವರ್ಷಕ್ಕೆ 62 ಲಕ್ಷ ಹೆಚ್ಚುವರಿ ಉಳಿಯಬೇಕು. ₹220 ಬಾಡಿಗೆಯಲ್ಲಿ ಅದು ಸುಮಾರು 34 ಸಾವಿರ ಹೆಚ್ಚುವರಿ ಚೀಲ. ತಮ್ಮ ಚೇಂಬರ್ ತುಂಬಿದೆ ಎಂಬುದು ಇದಕ್ಕೆ ಪುರಾವೆಯಾಗದು, ಏಕೆಂದರೆ ವರ್ಸ್ಟ್ ಕೇಸಿನಲ್ಲೂ ಅರ್ಧದ ಸ್ಟೋರೇಜ್ ತುಂಬಿರುತ್ತದೆ. ನೋಡಬೇಕಾದದ್ದು ಬೇರೆ ಎರಡು: ಜಾಗವಿಲ್ಲವೆಂದು ವಾಪಸ್ ಕಳಿಸಿದ ಚೀಲಗಳೆಷ್ಟು, ಮುಂದಿನ ಹಂಗಾಮಿಗೆ ಬೇರೆಯವರು ಹೇಳುತ್ತಿರುವ ಬಾಡಿಗೆ ಎಷ್ಟು. ವಾಪಸ್ ಕಳಿಸಿದವರ ಹೆಸರು, ಚೀಲ ಬರೆಯಲು ಗೇಟಿನಲ್ಲಿ ಒಂದು ಪುಸ್ತಕ ಇಡಬೇಕೆಂದು ಮಗನಿಗೆ ಹೇಳಿದ್ದೇನೆ. ಬ್ಯಾಡಗಿ ಸುತ್ತ ಏಳುವ ಹೊಸ ಕಟ್ಟಡಗಳ ಲೆಕ್ಕವನ್ನೂ ಅವನೇ ಇಡುತ್ತಾನೆ.

15 ಅಕ್ಟೋಬರ್, ಮಂಗಳವಾರ

ರಿಪೋರ್ಟ್ ಇವತ್ತು ಬ್ಯಾಂಕಿಗೆ ಹೋಯಿತು: 50 ಸಾವಿರ ಚೀಲ, 420 ಲಕ್ಷ, ಅದರಲ್ಲಿ ಸಾಲ 315. ಜಾಗವನ್ನು ಮಾತ್ರ ಲಕ್ಷ ಚೀಲಕ್ಕಾಗುವಷ್ಟು ಬಿಟ್ಟಿದ್ದೇವೆ, ಎರಡನೇ ಹಂತಕ್ಕೆ ಗೋಡೆ ಒಡೆಯಬೇಕಾಗಿಲ್ಲ. 2026, 2027ರ ಹಂಗಾಮು ಮುಗಿದ ಮೇಲೆ ಗೇಟಿನ ಪುಸ್ತಕದಲ್ಲಿ 34 ಸಾವಿರ ಚೀಲ ಕಾಣದಿದ್ದರೆ ಎರಡನೇ ಹಂತ ಇಲ್ಲ. ಆ ಹಾಳೆಗೆ ಅಪ್ಪ, ಮಗ ಇಬ್ಬರೂ ಸಹಿ ಹಾಕಿದ್ದಾರೆ.